ಬೆಳಗಿನ ಅನ್ನ, ರಾತ್ರಿಯ ವಾಂತಿ: ವಾಸನೆಯನ್ನೇ ನಂಬಿದ್ದ ವೃದ್ಧ ದಂಪತಿಯ ಒಂದು ಪ್ರಕರಣ

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಯೊಂದರ ಪ್ರಕರಣ ಇದು. ಗುರುತು ಸಿಗದಂತೆ ವಯಸ್ಸು, ವೃತ್ತಿ ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಂಡತಿಗೆ 76 ವರ್ಷ, ನಿವೃತ್ತ ಶಿಕ್ಷಕಿ. ಅವರನ್ನು ಇಲ್ಲಿ ಅಮ್ಮ ಎಂದು ಕರೆಯುತ್ತೇನೆ. ಪತಿಗೆ 81 ವರ್ಷ, ಪಾರ್ಕಿನ್ಸನ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು. ಒಬ್ಬಳೇ ಮಗಳು ಬೇರೆ ಊರಿನಲ್ಲಿದ್ದಾಳೆ. ವೃದ್ಧರ ಆರೋಗ್ಯ ನೋಡುವ ಒಂದು ಚಿಕಿತ್ಸಾಲಯದಲ್ಲಿ ಆಹಾರ ಸಲಹೆಗಾರ್ತಿಯಾಗಿರುವ ನನ್ನ ಬಳಿಗೆ ಅಮ್ಮನನ್ನು ವೈದ್ಯರು ಕಳುಹಿಸಿದ್ದು, "ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ" ಎಂಬ ಒಂದು ಸಾಲಿನ ಚೀಟಿಯೊಂದಿಗೆ.

ಆ ಮನೆಯ ಅಡುಗೆಯ ಕ್ರಮ ನಮ್ಮಲ್ಲಿ ಬಹಳ ಮನೆಗಳ ಕ್ರಮವೇ. ಬೆಳಗ್ಗೆ ಎಂಟು ಗಂಟೆಯೊಳಗೆ ಅನ್ನ, ಹುಳಿ, ಪಲ್ಯ ಎಲ್ಲವೂ ಮುಗಿಯಬೇಕು. ಮಧ್ಯಾಹ್ನ ಅದರಲ್ಲೇ ಊಟ, ರಾತ್ರಿ ಉಳಿದ ಅನ್ನಕ್ಕೆ ಮೊಸರು ಕಲಸಿ ಊಟ. ಅನ್ನ ಕುಕ್ಕರಿನಲ್ಲೇ, ಮುಚ್ಚಳ ಹಾಕಿದಂತೆಯೇ, ಅಡುಗೆಕಟ್ಟೆಯ ಮೇಲೆ ಇರುತ್ತಿತ್ತು. ರಾತ್ರಿ ಬಡಿಸುವ ಮೊದಲು ಅಮ್ಮ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ಹಳಸಿದ ವಾಸನೆ ಬರದಿದ್ದರೆ ಊಟಕ್ಕೆ ಸರಿ. ಐವತ್ತು ವರ್ಷ ಸಂಸಾರ ನಡೆಸಿದ ಅವರಿಗೆ ಇದಕ್ಕಿಂತ ಖಚಿತವಾದ ಪರೀಕ್ಷೆ ಬೇರೊಂದಿರಲಿಲ್ಲ.

ಸಮಸ್ಯೆ

ಬೇಸಿಗೆ ಶುರುವಾದ ಮೇಲೆ ಅಮ್ಮನಿಗೆ ಆಗಾಗ ರಾತ್ರಿ ಹೊತ್ತು ವಾಂತಿಯಾಗತೊಡಗಿತು. ಊಟವಾದ ಎರಡು ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ, ಮೂರು ನಾಲ್ಕು ಸಲ ವಾಂತಿಯಾಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಸುಸ್ತೊಂದನ್ನು ಬಿಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ಜ್ವರ ಇರಲಿಲ್ಲ. ಮೊದಲ ಸಲ ಅದನ್ನು ಪಿತ್ತವೆಂದುಕೊಂಡರು. ಎರಡನೆಯ ಸಲ ಹತ್ತಿರದ ವೈದ್ಯರೊಬ್ಬರು ಗ್ಯಾಸ್ಟ್ರಿಕ್ ಎಂದು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರು. ಮತ್ತೆ ಆದಾಗ ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ ಅನುಮಾನ ಬಂದು ಅದನ್ನು ಬದಲಿಸಲಾಯಿತು. ಯಾರೂ ಅವಿವೇಕದ ಕೆಲಸ ಮಾಡಿರಲಿಲ್ಲ. ಈ ವಯಸ್ಸಿನಲ್ಲಿ ವಾಂತಿಗೆ ಇವೆಲ್ಲ ಸಾಮಾನ್ಯ ಕಾರಣಗಳೇ. ಆದರೆ ಅಮ್ಮ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದುದರಿಂದ, ಪ್ರತಿ ಸಲದ ವಾಂತಿಯೂ ದೇಹದ ನೀರಿನಂಶವನ್ನು ಬೇಗ ಕಳೆದು, ಎದ್ದು ನಿಂತರೆ ತಲೆಸುತ್ತುವ ಸ್ಥಿತಿಗೆ ತರುತ್ತಿತ್ತು. ಯುವಕರಿಗೆ ಒಂದು ರಾತ್ರಿಯ ತೊಂದರೆಯಾಗಿ ಮುಗಿಯುವ ವಾಂತಿ ಇಂಥವರನ್ನು ಬೀಳಿಸಿ ಸೊಂಟ ಮುರಿಯಬಲ್ಲದು.

ಪ್ರಕರಣ ತಿರುವು ಪಡೆದದ್ದು ಒಂದು ಸಾಮಾನ್ಯ ಪ್ರಶ್ನೆಯಿಂದ. ವಾಂತಿಯಾದ ದಿನಗಳಂದು ಏನು ತಿಂದಿರಿ ಎಂದು ಅದುವರೆಗೆ ಎಲ್ಲರೂ ಕೇಳಿದ್ದರು, ಮತ್ತು "ಬರೀ ಮೊಸರನ್ನ" ಎಂಬ ಉತ್ತರ ಕೇಳಿ ಎಲ್ಲರಿಗೂ ಸಮಾಧಾನವಾಗಿತ್ತು. ಮೊಸರನ್ನ ಹೊಟ್ಟೆಗೆ ತಂಪು, ಅದರಿಂದ ತೊಂದರೆಯಾಗದು ಎಂಬ ನಂಬಿಕೆ ಅಷ್ಟು ಗಟ್ಟಿ. ನಾನು ಕೇಳಿದ್ದು ಆ ಅನ್ನ ಯಾವ ಹೊತ್ತಿನದು, ಅಲ್ಲಿಯವರೆಗೆ ಎಲ್ಲಿತ್ತು ಎಂದು. ಬೆಳಗ್ಗೆ ಎಂಟಕ್ಕೆ ಆದ ಅನ್ನ, ರಾತ್ರಿ ಎಂಟೂವರೆಗೆ ಊಟ, ನಡುವೆ ಹನ್ನೆರಡು ಗಂಟೆ ಮುಚ್ಚಿದ ಕುಕ್ಕರಿನಲ್ಲಿ, ಏಪ್ರಿಲ್ ತಿಂಗಳ ಸೆಖೆಯಲ್ಲಿ. ಒಂದು ರಾತ್ರಿ ಅದೇ ಅನ್ನ ಉಂಡ ಯಜಮಾನರಿಗೂ ವಾಂತಿಯಾಗಿತ್ತು ಎಂಬುದು ಆಗಲೇ ಹೊರಬಿತ್ತು. ಅವರ ಕಾಯಿಲೆಯ ಮಾತ್ರೆಗಳೂ ಹೊಟ್ಟೆ ತೊಳಸಬಲ್ಲವಾದ್ದರಿಂದ ಆ ಎರಡು ಘಟನೆಗಳನ್ನು ಯಾರೂ ಜೋಡಿಸಿ ನೋಡಿರಲಿಲ್ಲ.

ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ, ಜ್ವರವಿಲ್ಲ, ಒಂದು ದಿನದೊಳಗೆ ಗುಣ, ಜೊತೆಗೆ ಬಹಳ ಹೊತ್ತು ಹೊರಗಿದ್ದ ಅನ್ನ: ಇವೆಲ್ಲ ಸೇರಿದಾಗ ಮೊದಲು ನೆನಪಾಗಬೇಕಾದದ್ದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ. ಇದರ ಬೀಜಕಣಗಳು ಅಕ್ಕಿಯಲ್ಲೇ ಇರುತ್ತವೆ ಮತ್ತು ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ಬೆಚ್ಚಗೆ, ತೇವವಾಗಿ ಉಳಿದಷ್ಟು ಹೊತ್ತು ಅವು ಮೊಳೆತು, ಬೆಳೆದು, ಸೀರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲೇ ತಯಾರಿಸುತ್ತವೆ. ವಾಂತಿ ಮಾಡಿಸುವುದು ಆ ವಿಷ. ಈ ರೋಗಿಯಲ್ಲಿ ನಿರ್ಣಯಕ್ಕೆ ಆಧಾರವಾದದ್ದು ಪ್ರಯೋಗಾಲಯದ ಪರೀಕ್ಷೆಯಲ್ಲ, ಘಟನೆಗಳ ಈ ಹೊಂದಾಣಿಕೆ ಮತ್ತು ಅನ್ನದ ಕ್ರಮ ಬದಲಾದ ಮೇಲೆ ವಾಂತಿ ನಿಂತದ್ದು.

ಮೂಗಿನ ಸ್ಥಿತಿ

"ನನ್ನ ಮೂಗು ಚೆನ್ನಾಗೇ ಇದೆ, ಶೀತದ ಮುಲಾಮು ಹಚ್ಚಿದರೆ ನೆತ್ತಿಗೇರುತ್ತದೆ" ಎಂದು ಅಮ್ಮ ಖಚಿತವಾಗಿ ಹೇಳಿದರು. ಈ ಮಾತನ್ನು ವೃದ್ಧರಿಂದ ನಾನು ಪದೇ ಪದೇ ಕೇಳಿದ್ದೇನೆ, ಮತ್ತು ಇದರಲ್ಲಿರುವ ತಪ್ಪು ಗ್ರಹಿಕೆಯನ್ನು ಬಿಡಿಸಿ ಹೇಳುವುದು ಅಗತ್ಯ. ಮುಲಾಮಿನ ಕರ್ಪೂರ ಮತ್ತು ಪುದೀನ ಸತ್ವದ ಚುರುಕು, ಈರುಳ್ಳಿಯ ಘಾಟು, ಒಗ್ಗರಣೆಯ ಮೆಣಸಿನಕಾಯಿಯ ಕಮಟು ಮುಖದ ಸ್ಪರ್ಶ ಮತ್ತು ಉರಿಯನ್ನು ತಿಳಿಸುವ ಬೇರೆ ನರದ ಮೂಲಕ ಮೆದುಳಿಗೆ ತಲುಪುತ್ತವೆ. ವಾಸನೆಯ ನರ ಪೂರ್ತಿ ಮಂಕಾಗಿದ್ದರೂ ಮುಲಾಮು ಚುರುಗುಡುತ್ತದೆ. ಆದ್ದರಿಂದ ಅದು ಮೂಗಿನ ಪರೀಕ್ಷೆಗೆ ಬರುವುದಿಲ್ಲ.

ಬದಲಿಗೆ ಕಾಫಿಪುಡಿ, ಲವಂಗ, ಸಾಬೂನು ಮತ್ತು ಬಾಳೆಹಣ್ಣಿನ ತುಂಡನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು, ಅಮ್ಮ ಕಣ್ಣು ಮುಚ್ಚಿಕೊಂಡಿರುವಾಗ ಒಂದೊಂದಾಗಿ ಮೂಗಿನ ಬಳಿ ಹಿಡಿದೆವು. ಕಾಫಿಪುಡಿಗೆ "ಏನೂ ಇಲ್ಲ, ಖಾಲಿ ಡಬ್ಬಿ" ಎಂದರು. ಲವಂಗಕ್ಕೆ "ಏನೋ ಇದೆ" ಎಂದರು. ಉಳಿದೆರಡು ತಿಳಿಯಲೇ ಇಲ್ಲ. ಕಣ್ಣು ಬಿಟ್ಟು ಕಾಫಿಪುಡಿಯನ್ನು ನೋಡಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಇದು ರೋಗನಿರ್ಣಯದ ಪರೀಕ್ಷೆಯಲ್ಲ, ಆದರೆ ಕಿವಿ, ಮೂಗು, ಗಂಟಲಿನ ತಜ್ಞರ ಬಳಿ ಕಳುಹಿಸಬೇಕೇ ಎಂದು ತೀರ್ಮಾನಿಸಲು ಸಾಕು.

ಅವರಿಗೆ ತಮ್ಮ ಕೊರತೆ ತಿಳಿಯದೇ ಇದ್ದದ್ದು ವಿಶೇಷವೇನಲ್ಲ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ 80 ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಗೂ ವಾಸನೆ ಗುರುತಿಸುವ ಶಕ್ತಿ ಬಹಳವಾಗಿ ತಗ್ಗಿರುವುದು ಕಂಡುಬಂದಿತ್ತು. ಕಣ್ಣು ಮಂಜಾದರೆ ಅಕ್ಷರ ಕಾಣದೆ ಗೊತ್ತಾಗುತ್ತದೆ. ವಾಸನೆ ಮಂಕಾದಾಗ ಹಾಗೆ ಎಡವುವ ಸಂದರ್ಭ ಬರುವುದಿಲ್ಲ, ಏಕೆಂದರೆ ಏನೂ ತಿಳಿಯದಿರುವುದೂ ಏನೂ ಕೆಟ್ಟಿಲ್ಲದಿರುವುದೂ ಅನುಭವಕ್ಕೆ ಒಂದೇ. ಸುಳಿವು ಇದ್ದದ್ದು ಅಡುಗೆಯಲ್ಲಿ. ವರ್ಷದಿಂದೀಚೆಗೆ ಅಮ್ಮನ ಹುಳಿಯಲ್ಲಿ ಉಪ್ಪು, ಹುಣಸೆಹಣ್ಣು, ಖಾರ ಮೂರೂ ಏರುತ್ತಿವೆ ಎಂದು ಮಗಳು ಗಮನಿಸಿದ್ದಳು. ನಾಲಿಗೆ ತಿಳಿಸುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ಕೆಲವೇ ರುಚಿಗಳನ್ನು. ಉಳಿದ ಸೊಗಡೆಲ್ಲ ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ವಾಸನೆ. ಅದು ನಿಂತಾಗ ಊಟ ಸಪ್ಪೆಯಾಗಿ, ಕೈ ತಾನಾಗಿ ಉಪ್ಪಿನ ಡಬ್ಬಿಯ ಕಡೆ ಹೋಗುತ್ತದೆ. ಚೀಟಿಯಲ್ಲಿದ್ದ "ಊಟ ಸೇರುತ್ತಿಲ್ಲ" ಎಂಬ ದೂರಿನ ಮೂಲವೂ ಇದೇ ಆಗಿತ್ತು.

ಪ್ರಯತ್ನಗಳು

ಮಗಳು ಮೊದಲು ಹೇಳಿದ್ದು, "ಅಮ್ಮ, ರಾತ್ರಿಗೆ ಉಳಿದದ್ದನ್ನೆಲ್ಲ ಚೆಲ್ಲಿಬಿಡು" ಎಂದು. ಅದು ಎರಡು ದಿನವೂ ನಡೆಯಲಿಲ್ಲ. ಅನ್ನ ಚೆಲ್ಲುವುದನ್ನು ಪಾಪವೆಂದು ನಂಬಿದವರಿಗೆ ಚೆಲ್ಲು ಎಂಬ ಸಲಹೆ ಕೊಡುವುದರಿಂದ, ಅವರು ಚೆಲ್ಲಿದೆನೆಂದು ಹೇಳಿ ಉಣ್ಣುವುದನ್ನು ಕಲಿಯುತ್ತಾರೆ ಅಷ್ಟೇ.

ಎರಡನೆಯ ಉಪಾಯ, ಯಜಮಾನರಿಂದ ಮೂಸಿಸುವುದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಕ ಕಾಣಿಸುವ ಎಷ್ಟೋ ವರ್ಷ ಮೊದಲೇ ವಾಸನೆಯ ಶಕ್ತಿ ಕುಂದಿರುವುದುಂಟು. ಡಬ್ಬಿಗಳ ಪರೀಕ್ಷೆಯಲ್ಲಿ ಅವರ ಸ್ಥಿತಿ ಅಮ್ಮನಿಗಿಂತ ಕೆಳಗಿತ್ತು. ಇಬ್ಬರು ಮೂಸಿ ಇಬ್ಬರೂ ಸರಿ ಎಂದಾಗ ಧೈರ್ಯ ಇಮ್ಮಡಿಯಾಗುತ್ತಿತ್ತು, ಸಾಕ್ಷ್ಯ ಮಾತ್ರ ಶೂನ್ಯ.

ಮೂರನೆಯ ಪ್ರಯತ್ನ ಹೆಚ್ಚು ಪಾಠ ಕಲಿಸಿದ್ದು. ಬಿಸಿ ಮಾಡಿದರೆ ಕ್ರಿಮಿ ಸಾಯುತ್ತದೆ ಎಂದು ಕೇಳಿದ್ದ ಅಮ್ಮ, ರಾತ್ರಿಯ ಅನ್ನಕ್ಕೆ ಸ್ವಲ್ಪ ನೀರು ಚಿಮುಕಿಸಿ ಮತ್ತೆ ಕುಕ್ಕರ್ ಕೂಗಿಸಿ, ಹೊಗೆಯಾಡುವ ಅನ್ನವನ್ನೇ ಉಂಡರು. ಆ ರಾತ್ರಿಯೂ ವಾಂತಿಯಾಯಿತು. ಅವರಿಗೆ ಇದು ಬಹಳ ಅನ್ಯಾಯವೆನಿಸಿತು, ಮತ್ತು ಅದು ಸಹಜವೇ. ಸೀರಿಯುಲೈಡ್ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ಗಂಟೆ ಇದ್ದರೂ ನಾಶವಾಗದ ವಿಷ. ಮನೆಯ ಕುಕ್ಕರಿನ ಒಳಗಿನ ಶಾಖ ಹೆಚ್ಚೆಂದರೆ ಅಷ್ಟೇ, ಅದೂ ಕೆಲವೇ ನಿಮಿಷ. ಮತ್ತೆ ಬಿಸಿ ಮಾಡುವುದು ಬದುಕಿರುವ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ, ಅವು ಹಿಂದಿನ ಹನ್ನೆರಡು ಗಂಟೆಯಲ್ಲಿ ಮಾಡಿಟ್ಟ ವಿಷವನ್ನು ತೆಗೆಯುವುದಿಲ್ಲ. ಅಡುಗೆ ಮಾಡುವವರ ಕೈಯಿಂದ ಆಹಾರಕ್ಕೆ ಸೇರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯದ ವಿಷವೂ ಇದೇ ರೀತಿ ಬಿಸಿಗೆ ಬಗ್ಗದು.

ಈ ಸೋಲಿನ ಮೇಲೆಯೇ ಮುಖ್ಯ ಮಾತನ್ನು ಅವರ ಮುಂದಿಡಲು ಸಾಧ್ಯವಾಯಿತು. ಅಮ್ಮನ ಮೂಗು ಇಪ್ಪತ್ತರ ವಯಸ್ಸಿನಂತೆ ಚುರುಕಾಗಿದ್ದರೂ ಆ ಅನ್ನದ ವಿಷ ಅವರಿಗೆ ತಿಳಿಯುತ್ತಿರಲಿಲ್ಲ. ಹಳಸಿದ ವಾಸನೆ, ಲೋಳೆ, ನೂಲು ಬರುವುದು ಇವನ್ನೆಲ್ಲ ಉಂಟುಮಾಡುವುದು ಆಹಾರವನ್ನು ಕೆಡಿಸುವ ಬೇರೆ ಜೀವಿಗಳು. ಕಾಯಿಲೆ ತರುವ ಜೀವಿಗಳು ಅವುಗಳ ಜೊತೆಗೂ ಇರಬಹುದು, ಅವಿಲ್ಲದೆಯೂ ಇರಬಹುದು. ವಾಸನೆ ಬಂದರೆ ಚೆಲ್ಲಬೇಕು ಎಂಬುದು ನಿಜ. ವಾಸನೆ ಬಾರದಿದ್ದರೆ ಉಣ್ಣಬಹುದು ಎಂಬ ಅದರ ಇನ್ನೊಂದು ಅರ್ಧಕ್ಕೆ ಆಧಾರವಿಲ್ಲ. ಮಂಕಾದ ಮೂಗು ಮೊದಲ ಅರ್ಧದ ಉಪಯೋಗವನ್ನೂ ಕಿತ್ತುಕೊಂಡಿತ್ತು. ಅದರ ಮೇಲೆ ಮೊಸರು ಬೇರೆ: ಅನ್ನ ಸ್ವಲ್ಪ ಹುಳಿಯಾಗಿದ್ದರೂ ಮೊಸರಿನ ಹುಳಿಯಲ್ಲಿ ನಾಲಿಗೆಗೆ ಅದು ಬೇರೆಯಾಗಿ ಸಿಗುತ್ತಿರಲಿಲ್ಲ.

"ನಮ್ಮ ಅಜ್ಜಿ ದಿನವೂ ತಂಗಳನ್ನ ಉಂಡು ತೊಂಬತ್ತು ವರ್ಷ ಬದುಕಿದರು" ಎಂದು ಯಜಮಾನರು ಆಕ್ಷೇಪಿಸಿದರು. ಗೌರವದಿಂದ ಉತ್ತರಿಸಬೇಕಾದ ಮಾತು ಇದು. ರಾತ್ರಿ ನೀರು ಅಥವಾ ಮಜ್ಜಿಗೆ ಹಾಕಿ ನೆನೆಸಿಟ್ಟ ಅನ್ನ ಹುದುಗಿ ಹುಳಿಯಾಗುತ್ತದೆ, ಆ ಹುಳಿ ಈ ಬ್ಯಾಕ್ಟೀರಿಯದ ಬೆಳವಣಿಗೆಯನ್ನು ತಡೆಯುತ್ತದೆ. ಇವರ ಮನೆಯಲ್ಲಿ ಆಗುತ್ತಿದ್ದುದು ಬೇರೆ: ಅನ್ನ ಹಗಲೆಲ್ಲ ನೀರೂ ಮಜ್ಜಿಗೆಯೂ ಇಲ್ಲದೆ, ಬೆಚ್ಚಗೆ ಕುಳಿತು, ಉಣ್ಣುವ ಐದು ನಿಮಿಷ ಮೊದಲಷ್ಟೇ ಮೊಸರು ಕಾಣುತ್ತಿತ್ತು. ಆ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತಿತ್ತು.

ಗಡಿಯಾರದ ಕ್ರಮ

ಮೂಗಿನ ಬದಲು ಏನನ್ನು ನಂಬಬೇಕು ಎಂಬುದಕ್ಕೆ ಉತ್ತರ ಎರಡೇ: ಎಷ್ಟು ಹೊತ್ತಾಯಿತು, ಎಷ್ಟು ತಣ್ಣಗಿತ್ತು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವ ಮಿತಿ. 32 ಡಿಗ್ರಿ ದಾಟುವ ಬೇಸಿಗೆಯಲ್ಲಿ ಅದನ್ನು ಒಂದು ಗಂಟೆಗೆ ಇಳಿಸಿಕೊಳ್ಳುವುದು ಒಳ್ಳೆಯದು. ಇದನ್ನು ಆ ಮನೆಯ ದಿನಚರಿಗೆ ಹೊಂದಿಸುವುದು ಹೇಳಿದಷ್ಟು ಸುಲಭವಿರಲಿಲ್ಲ.

ಅನ್ನದ ಮಟ್ಟಿಗೆ ನಾವು ಆರಿಸಿಕೊಂಡದ್ದು ಸಂಗ್ರಹದ ದಾರಿಯನ್ನಲ್ಲ. ಬೆಳಗ್ಗೆ ಒಂದು ಪಾವು ಅಕ್ಕಿ ಇಡುವ ಬದಲು ಬೆಳಗ್ಗೆ ಅರ್ಧ, ಸಂಜೆ ಅರ್ಧ ಇಡುವುದೆಂದು ತೀರ್ಮಾನವಾಯಿತು. ಅಮ್ಮ ಒಪ್ಪಿದ್ದು ಚೆಲ್ಲುವ ಪ್ರಶ್ನೆಯೇ ಉಳಿಯುವುದಿಲ್ಲ ಎಂಬ ಕಾರಣಕ್ಕೆ. ಮಧ್ಯಾಹ್ನದ ಊಟ ಒಂದು ಗಂಟೆಗೆ ಎಂದಾದರೆ ಅನ್ನ ಹನ್ನೆರಡೂವರೆಗೆ ಆಗಲಿ ಎಂದು ಅಡುಗೆಯ ಹೊತ್ತನ್ನೂ ಸರಿಸಿದೆವು. ಪ್ರಕರಣದಲ್ಲಿ ಅತಿ ಹೆಚ್ಚು ವಾದವಾದದ್ದು ಈ ವಿಷಯಕ್ಕೆ. ಎಂಟು ಗಂಟೆಗೆ ಒಲೆ ಆರಿಸುವುದು ಶಾಲೆಗೆ ಹೋಗುತ್ತಿದ್ದ ಕಾಲದ ಅಭ್ಯಾಸ, ಈಗ ಅದರ ಅಗತ್ಯವಿರಲಿಲ್ಲ.

ಹುಳಿ, ಪಲ್ಯಗಳನ್ನು ಫ್ರಿಜ್‌ನಲ್ಲಿ ಇಡಬಹುದು ಎಂದುಕೊಂಡು ಒಂದು ಸಣ್ಣ ಫ್ರಿಜ್ ಥರ್ಮಾಮೀಟರನ್ನು ಒಳಗಿಟ್ಟಾಗ ಅದು 11 ಡಿಗ್ರಿ ತೋರಿಸಿತು. ಕರೆಂಟ್ ಉಳಿಸಲೆಂದು ಗುಂಡಿಯನ್ನು ಕನಿಷ್ಠಕ್ಕೆ ತಿರುಗಿಸಲಾಗಿತ್ತು, ಬಾಗಿಲಿನ ರಬ್ಬರ್ ಸಡಿಲವಾಗಿತ್ತು. ಕೈಗೆ ತಣ್ಣಗೆನಿಸುವ ಫ್ರಿಜ್ ಸಾಕಷ್ಟು ತಣ್ಣಗಿದೆ ಎಂದು ಹೇಳಲಾಗದು. ಅದು 5 ಡಿಗ್ರಿ ಅಥವಾ ಕೆಳಗಿರಬೇಕು. ರಬ್ಬರ್ ಬದಲಿಸಿ, ಗುಂಡಿ ತಿರುಗಿಸಿ, ಮರುದಿನ 4 ಡಿಗ್ರಿ ಬಂದ ಮೇಲೆಯೇ ಅದನ್ನು ಬಳಸತೊಡಗಿದೆವು. ಹಾಲನ್ನು ಬಾಗಿಲಿನಿಂದ ಒಳಗಿನ ತಟ್ಟೆಗೆ ಸರಿಸಿದೆವು, ಏಕೆಂದರೆ ಬಾಗಿಲು ತೆರೆದಾಗಲೆಲ್ಲ ಮೊದಲು ಬಿಸಿಯಾಗುವುದು ಆ ಜಾಗ. ಹುಳಿಯನ್ನು ಇಡೀ ಪಾತ್ರೆಯಲ್ಲಿ ಆರಲು ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲವಾದ ಪಾತ್ರೆಗೆ ತೆಳ್ಳಗೆ ಸುರಿದು, ಪಾತ್ರೆಯನ್ನು ನೀರಿನಲ್ಲಿಟ್ಟು ಆರಿಸಿ ಒಳಗಿಡುವುದನ್ನು ರೂಢಿ ಮಾಡಿದೆವು.

ದಿನಾಂಕ ಬರೆಯುವ ಪ್ರಯತ್ನ ಮೊದಲು ಕೆಟ್ಟಿತು. ಅಂಟುಚೀಟಿಯ ಮೇಲೆ ಮಗಳು ಬರೆದ ಸಣ್ಣ ಅಕ್ಷರ ಅಮ್ಮನಿಗೆ ಕನ್ನಡಕವಿಲ್ಲದೆ ಕಾಣುತ್ತಿರಲಿಲ್ಲ, ಫ್ರಿಜ್‌ನ ತೇವಕ್ಕೆ ಶಾಯಿ ಹರಡುತ್ತಿತ್ತು. ಕೊನೆಗೆ ನಿಂತದ್ದು ಅಮ್ಮನೇ ಸೂಚಿಸಿದ ಕ್ರಮ: ವಾರದ ಏಳು ದಿನಗಳ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಏಳು ಬಟ್ಟೆ ಕ್ಲಿಪ್ಪುಗಳು. ಮಂಗಳವಾರ ಮಾಡಿದ ಪಲ್ಯದ ಡಬ್ಬಿಯ ಅಂಚಿಗೆ ಮಂಗಳವಾರದ ಕ್ಲಿಪ್. ಮೂರನೆಯ ದಿನದ ರಾತ್ರಿಗೆ ಆ ಕ್ಲಿಪ್ ಇರುವ ಡಬ್ಬಿ ಖಾಲಿಯಾಗಲೇಬೇಕು. ತೆಂಗಿನಕಾಯಿ ಚಟ್ನಿ ಆ ದಿನದ್ದು ಆ ದಿನಕ್ಕೆ ಮಾತ್ರ.

ಉಳಿದ ಇಂದ್ರಿಯಗಳಿಗೂ ಕೆಲಸ ಕೊಟ್ಟೆವು, ಆದರೆ ಬೇಡವೆನ್ನಲು ಮಾತ್ರ. ಸರಿ ಎನ್ನುವ ಅಧಿಕಾರ ಗಡಿಯಾರಕ್ಕೆ. ಚಮಚ ಎತ್ತಿದಾಗ ನೂಲು ಬಂದರೆ, ಹುದುಗು ಹಾಕದ ಪದಾರ್ಥದಲ್ಲಿ ಗುಳ್ಳೆ ಕಂಡರೆ, ಪ್ಯಾಕೆಟ್ ಉಬ್ಬಿದ್ದರೆ, ಕಾಯಿಸಿದ ಹಾಲು ಒಡೆದರೆ, ಬೂಷ್ಟು ಕಂಡರೆ ಹೊತ್ತು ಎಷ್ಟೇ ಕಡಿಮೆಯಿರಲಿ ಅದು ಬೇಡ. ಬ್ರೆಡ್ಡಿನ ಬೂಷ್ಟಿರುವ ತುದಿಯನ್ನು ಮುರಿದು ಉಳಿದದ್ದನ್ನು ತಿನ್ನುವ ಅಭ್ಯಾಸವೂ ನಿಂತಿತು, ಕಣ್ಣಿಗೆ ಕಾಣದ ಎಳೆಗಳು ಒಳಗೆ ಹರಡಿರುತ್ತವೆ. ಅನುಮಾನ ಬಂದಾಗ "ಸ್ವಲ್ಪ ನಾಲಿಗೆಗೆ ಹಚ್ಚಿ ನೋಡುವುದು" ಪೂರ್ತಿ ನಿಷಿದ್ಧ.

ಆದದ್ದು

ಕ್ರಮ ಬದಲಾದ ನಂತರದ ತಿಂಗಳುಗಳಲ್ಲಿ ಆ ಬಗೆಯ ವಾಂತಿ ಮರಳಲಿಲ್ಲ. ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರು ನಿಲ್ಲಿಸಿದರು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಬೇರೆ ಕೆಲವು ಸೋಂಕುಗಳಿಗೆ ದಾರಿ ಸಲೀಸಾಗುವುದರಿಂದ, ಅಗತ್ಯವಿಲ್ಲದ ಕಡೆ ಅದು ಬೇಡವಾಗಿತ್ತು. ಮೇ ತಿಂಗಳಲ್ಲಿ ಒಂದು ರಾತ್ರಿ ಗಾಳಿಮಳೆಗೆ ಬೆಳಗಿನವರೆಗೆ ಕರೆಂಟ್ ಹೋಯಿತು. ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ಇಲ್ಲಿ ಅದರ ಎರಡರಷ್ಟು ಹೊತ್ತು ಕಳೆದಿತ್ತು. ಬೆಳಗ್ಗೆ ಥರ್ಮಾಮೀಟರ್ 16 ತೋರಿಸಿದ್ದನ್ನು ನೋಡಿ ಅಮ್ಮ ಹುಳಿಯನ್ನೂ ಹಾಲನ್ನೂ ಯಾರನ್ನೂ ಕೇಳದೆ ಚೆಲ್ಲಿ, ಉಪ್ಪಿನಕಾಯಿ, ಬೆಣ್ಣೆ ಮತ್ತು ಹಣ್ಣುಗಳನ್ನು ಉಳಿಸಿಕೊಂಡರು. ನಾನು ಹೇಳಿಕೊಟ್ಟಿರದ ಈ ವಿಂಗಡಣೆ ಸರಿಯಾಗಿಯೇ ಇತ್ತು.

ಎರಡನೆಯ ತಿರುವು ಬಂದದ್ದು ಮೂಗು ಸುಧಾರಿಸಿದಾಗ. ತಜ್ಞರು ಅಲರ್ಜಿಯಿಂದ ಮೂಗಿನ ಒಳಭಾಗ ಊದಿರುವುದನ್ನು ಕಂಡರು. ಜೊತೆಗೆ, ಮೂಗು ಕಟ್ಟಿದಾಗಲೆಲ್ಲ ಅಂಗಡಿಯಿಂದ ತಂದ ಹನಿಗಳನ್ನು ಅಮ್ಮ ತಿಂಗಳಾನುಗಟ್ಟಲೆ ಹಾಕಿಕೊಳ್ಳುತ್ತಿದ್ದರು. ಆ ಹನಿಗಳು ಕೆಲವು ದಿನ ಮೀರಿದರೆ ತಾವೇ ಮೂಗನ್ನು ಕಟ್ಟಿಸುತ್ತವೆ. ಹನಿ ನಿಲ್ಲಿಸಿ, ಉಪ್ಪುನೀರಿನ ತೊಳೆತ ಮತ್ತು ತಜ್ಞರು ಬರೆದ ಸ್ಪ್ರೇ ಶುರುವಾದ ಮೇಲೆ ಕೆಲವು ವಾರಗಳಲ್ಲಿ ಕಾಫಿಯ ಪರಿಮಳ ಸ್ವಲ್ಪ ಮರಳಿತು. ಕಟ್ಟಿದ ಮೂಗಿನಿಂದ ಹೋದ ಪಾಲು ಬಂತು, ವಯಸ್ಸಿನಿಂದ ಹೋದ ಪಾಲು ಬರಲಿಲ್ಲ. ಆದರೆ ಅಮ್ಮನ ಉತ್ಸಾಹದಲ್ಲಿ ಕ್ಲಿಪ್ಪುಗಳು ಬುಟ್ಟಿಗೆ ಹೋದವು, ಮೂಸುವುದು ಮರಳಿತು. ಮಗಳು ಫೋನ್ ಮಾಡಿದಾಗ ಕುಕ್ಕರಿನಲ್ಲಿ ಮಧ್ಯಾಹ್ನದ ಅನ್ನವಿತ್ತು. ಆಗ ಅವಳು ಗದರಲಿಲ್ಲ. "ಅಮ್ಮ, ನನ್ನ ಮೂಗು ಚೆನ್ನಾಗಿದೆ, ನಾನೂ ಆ ಅನ್ನ ಉಣ್ಣುವುದಿಲ್ಲ" ಎಂದಳು. ನಾನು ಬಹಳ ಹೊತ್ತು ವಿವರಿಸಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಕ್ರಮವನ್ನು ಮಂಕಾದ ಮೂಗಿನವರಿಗೆ ಕೊಟ್ಟ ಊರುಗೋಲೆಂದು ಹೇಳಿದಷ್ಟು ಕಾಲ ಅಮ್ಮನಿಗೆ ಅದನ್ನು ಬಿಡುವ ಆಸೆ ಇತ್ತು. ಎಲ್ಲರಿಗೂ ಅನ್ವಯಿಸುವ ನಿಯಮವೆಂದು ತಿಳಿದಾಗ ಹೋಯಿತು.

ಗಡಿಯಾರ ಪರಿಹರಿಸದ ಕೆಲವು ಪದಾರ್ಥಗಳೂ ಇವೆ. ಕಡಲೆಕಾಯಿ ಎಣ್ಣೆ, ಒಣಕೊಬ್ಬರಿ, ತುಪ್ಪ ಮುಗ್ಗಿ ಕಮಟಾಗಿರುವುದು ಮುಖ್ಯವಾಗಿ ವಾಸನೆಯಿಂದಲೇ ತಿಳಿಯುವಂಥದ್ದು. ಇವು ರಾತ್ರೋರಾತ್ರಿ ವಾಂತಿ ಮಾಡಿಸುವುದಿಲ್ಲವಾದ್ದರಿಂದ, ಅರ್ಧ ಲೀಟರಿನ ಪೊಟ್ಟಣಗಳನ್ನಷ್ಟೇ ತಂದು ಒಲೆಯಿಂದ ದೂರ, ಬೆಳಕು ಬೀಳದ ಕಡೆ ಇಟ್ಟು, ಮನೆಗೆಲಸಕ್ಕೆ ಬರುವ ಯುವತಿಯಿಂದ ವಾರಕ್ಕೊಮ್ಮೆ ಮೂಸಿಸುವುದು ಸಾಕಾಯಿತು. ಅಡುಗೆ ಅನಿಲಕ್ಕೆ ಬೆರೆಸಿರುವ ವಾಸನೆಯೂ ಈ ಮನೆಯಲ್ಲಿ ಯಾರಿಗೂ ತಿಳಿಯದು ಎಂಬುದು ಡಬ್ಬಿಗಳ ಪರೀಕ್ಷೆಯ ದಿನವೇ ಹೊಳೆದಿದ್ದರಿಂದ, ಮಗಳು ಸೋರಿಕೆ ಎಚ್ಚರಿಸುವ ಉಪಕರಣವೊಂದನ್ನು ನೆಲದ ಹತ್ತಿರದಲ್ಲೇ ಹಾಕಿಸಿದಳು. ಆ ಅನಿಲ ಗಾಳಿಗಿಂತ ಭಾರವಾಗಿ ಕೆಳಗೇ ಹರಡುತ್ತದೆ.

ಹೊರಗಿನಿಂದ ಬರುವ ಆಹಾರದ ಪ್ರಶ್ನೆ ಕೊನೆಯವರೆಗೂ ಉಳಿಯಿತು. ಗೃಹಪ್ರವೇಶದ ಮನೆಯಿಂದ ಪುಳಿಯೋಗರೆ, ಪಕ್ಕದ ಮನೆಯಿಂದ ಪೊಂಗಲ್ ಬಂದಾಗ ಅದು ಎಷ್ಟು ಹೊತ್ತಿಗೆ ಆದದ್ದೆಂದು ಕೇಳುವುದು ಕೊಟ್ಟವರ ಮೇಲಿನ ಅನುಮಾನದಂತೆ ಕಾಣುತ್ತದೆ ಎಂದು ಅಮ್ಮ ಸಂಕೋಚಪಟ್ಟರು. ಅವರೇ ಒಂದು ದಾರಿ ಕಂಡುಕೊಂಡರು: ಡಬ್ಬಿ ತಂದವರಿಗೆ ಕಾಫಿ ಕೊಟ್ಟು, "ಎಷ್ಟು ಹೊತ್ತಿಗೆ ಎದ್ದಿರಿ, ಅಡುಗೆ ಎಷ್ಟೊತ್ತಿಗೆ ಮುಗಿಯಿತು, ನಿಮಗೆ ಬಹಳ ಕೆಲಸವಾಯಿತೇನೋ" ಎಂದು ವಿಚಾರಿಸುತ್ತಾರೆ. ಉತ್ತರ ಎರಡು ಗಂಟೆಯೊಳಗಿನದಾದರೆ ತಟ್ಟೆಗೆ ಬರುತ್ತದೆ. ಅದಕ್ಕಿಂತ ಹಳೆಯದಾದರೆ, ಅಥವಾ ತಂದವರಿಗೇ ತಿಳಿಯದಿದ್ದರೆ, ಕಣ್ಣಿಗೊತ್ತಿಕೊಂಡು ಒಂದು ಕಡೆ ಇಡುತ್ತಾರೆ, ಉಣ್ಣುವುದಿಲ್ಲ.